ಮರಳಿ ಹೇಳುವ ಮಾತು

ಕಾರವಾರ ಅಂಕೋಲೆಗಳ ಕಡೆಯಲ್ಲಿ ಯಾವ ಸಭೆಯೂ ಗೊತ್ತುಪಡಿಸಿದ ಹೊತ್ತಿಗೆ ತುಂಬಿದುದನ್ನು ನಾವು ಈ ಅರವತ್ತು ವರ್ಷಗಳಲ್ಲಿ ಕಂಡಿಲ್ಲ. ಅಂಗಡಿಯವನು ಬಾಗಿಲು ಹಾಕಿ ಬರಬೇಕು. ಮೀನು ಮಾರುವ ಹೆಂಗಸು ಬುಟ್ಟಿ ಖಾಲಿಮಾಡಿ ಬರಬೇಕು. ಮನೆಯಾಕೆ ಒಲೆಯ ಕೆಂಡ ಮುಚ್ಚಿ, ಮಗುವನ್ನು ಮಲಗಿಸಿ ಬರಬೇಕು. ಬಂದು ಕುಳಿತವರ ಚಿತ್ತವಾದರೂ ಒಂದೆಡೆ ನಿಲ್ಲುವುದೆ? ಹೊರಗೆ ಮೋಡ ಗುಡುಗಿದರೆ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಕಡೆಗೆ ಓಡುತ್ತದೆ. ಇಂಥವರಿಗೆ ಮುಖ್ಯವಾದ ಮಾತೊಂದನ್ನು ತಲುಪಿಸಬೇಕಾದರೆ ಅದನ್ನು ಒಂದೇ ಸಲ ಹೇಳಿ ಮುಗಿಸಲಾಗದು. ಪದೇ ಪದೇ ಹೇಳಿದರೆ ಮೊದಲಿನಿಂದ ಕುಳಿತವರಿಗೆ ಬೇಸರ. ಈ ಎರಡು ತೊಡಕುಗಳ ನಡುವೆ ನಾವು ಸಿಕ್ಕಿಕೊಂಡುದು ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ. ಆಗ ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆ ವರ್ಷದ ಮಳೆಗೆ ಅಂಕೋಲೆಯ ಕಡೆ ಗಂಗಾವಳಿಯೂ ಕಾರವಾರದ ಕಡೆ ಕಾಳಿಯೂ ದಂಡೆ ಮೀರಿ ಹರಿದುದು ಎಲ್ಲರಿಗೂ ನೆನಪಿದೆ. ಕಾಳೀನದಿಗೆ ಕಟ್ಟಿದ ಅಣೆಕಟ್ಟುಗಳಲ್ಲಿ ಕದ್ರಾ ಎಂಬುದು ಎಲ್ಲಕ್ಕಿಂತ ಕೆಳಗಿನದು. ಮೇಲಿನ ಘಟ್ಟದಲ್ಲಿ ಬಿದ್ದ ಮಳೆಯೆಲ್ಲ ಕೊನೆಗೆ ಅಲ್ಲಿಗೆ ಬಂದು ಸೇರಬೇಕು. ಅದರ ಬಾಗಿಲುಗಳನ್ನು ತೆರೆದಾಗ ಕೆಳಗಿನ ಹಳ್ಳಿಗಳವರು ಎಚ್ಚತ್ತಿರಬೇಕು. ಅಂಥದೊಂದು ಹಳ್ಳಿಯಲ್ಲಿ ನಾವು ಆಗ ಮಾಸ್ತರಿಕೆ ಮಾಡುತ್ತಿದ್ದೆವು. ಶಾಲೆ ದಿಬ್ಬದ ಮೇಲಿದ್ದುದರಿಂದ ಅದೇ ಗಂಜಿ ಕೇಂದ್ರವಾಯಿತು. "ಮಾಸ್ತರರ ಕನ್ನಡ ಚೆನ್ನಾಗಿದೆ, ಅವರೇ ಸಾರಲಿ" ಎಂದು ಊರವರು ಒಂದು ರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿ ನಮ್ಮನ್ನು ಕೂರಿಸಿದರು.

ನಮ್ಮ ಕನ್ನಡ ಚೆನ್ನಾಗಿದ್ದುದೇ ಅನರ್ಥಕ್ಕೆ ಕಾರಣವಾಯಿತು. ನಾವು ಬರೆದುಕೊಂಡ ಸಾರೋಲೆಯು ಹೀಗಿತ್ತು: "ಈ ಮೂಲಕ ಸಮಸ್ತ ಗ್ರಾಮಸ್ಥ ಬಂಧುಗಳಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ಅತಿವೃಷ್ಟಿಯ ನಿಮಿತ್ತ ನದಿಯ ಜಲಮಟ್ಟವು ಕ್ಷಣಕ್ಷಣಕ್ಕೆ ಏರುತ್ತಿರುವುದರಿಂದ, ತಗ್ಗು ಪ್ರದೇಶದಲ್ಲಿ ವಾಸಿಸುವ ಸಕಲರೂ ತಮ್ಮ ವೃದ್ಧರು, ಬಾಲಕರು ಹಾಗೂ ಜಾನುವಾರುಗಳೊಡನೆ, ಅವಶ್ಯವಾದ ವಸ್ತ್ರ ಕಾಗದಪತ್ರಾದಿಗಳನ್ನು ತೆಗೆದುಕೊಂಡು, ಇಂದು ಸಾಯಂಕಾಲ ಆರು ಗಂಟೆಯೊಳಗಾಗಿ ದಿಬ್ಬದ ಮೇಲಿನ ಶಾಲೆಗೆ ಆಗಮಿಸತಕ್ಕದ್ದು." ವ್ಯಾಕರಣದಲ್ಲಿ ದೋಷವಿಲ್ಲ. ನಿಧಾನವಾಗಿ ಓದಿದರೆ ಐವತ್ತು ಸೆಕೆಂಡು ಹಿಡಿಯುತ್ತದೆ.

ಊರನ್ನು ಒಂದು ಸುತ್ತು ಹಾಕಿ ಬಂದೆವು. ಯಾರೂ ಮನೆ ಬಿಟ್ಟು ಹೊರಟಂತೆ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ಒಬ್ಬ ಅಜ್ಜಿ ಗೊರಬೆ ಹೊದ್ದು ಬೇಲಿಯ ಬಳಿ ನಿಂತಿದ್ದಳು. ರಿಕ್ಷಾ ನಿಲ್ಲಿಸಿ, "ಅಜ್ಜಿ, ಕೇಳಿತೆ?" ಎಂದೆವು. "ಕೇಳ್ತು ಮಾಸ್ತರೇ. ಸಮಸ್ತ ಬಂಧುಗಳಿಗೆ ಅಂದ್ರಿ. ಯಾರ ಮನೆ ಮದುವೆ?" ಎಂದಳು. ಮುಂದಿನ ಬಾಗಿನ ಮನೆಯವನು, "ಶಾಲೆಗೆ ಬರಬೇಕಂತೆ, ಮಕ್ಕಳ ವಿಷಯವೇ?" ಎಂದು ಕೇಳಿದ. ಮೊದಲನೆಯವಳಿಗೆ ವಾಕ್ಯದ ತಲೆ ಸಿಕ್ಕಿತ್ತು, ಎರಡನೆಯವನಿಗೆ ಬಾಲ. ನದಿಯ ಸುದ್ದಿ ನಡುವೆ ಎಲ್ಲಿಯೋ ಗಾಳಿಯ ಪಾಲಾಗಿತ್ತು.

ಇದರ ಕಾರಣವನ್ನು ಗಣಿತದಿಂದಲೇ ತಿಳಿಯಬಹುದು. ರಿಕ್ಷಾ ಗಂಟೆಗೆ ೧೨ ಕಿಲೋಮೀಟರಿನಂತೆ ಹೋದರೆ ಒಂದು ನಿಮಿಷಕ್ಕೆ ೨೦೦ ಮೀಟರು ಸಾಗುತ್ತದೆ. ಮಳೆಯ ಸದ್ದಿನಲ್ಲಿ, ಹಂಚಿನ ಮಾಡಿನ ಕೆಳಗಿದ್ದವರಿಗೆ ಮಾತು ಸ್ಪಷ್ಟವಾಗಿ ಕೇಳುವುದು ಗಾಡಿಯು ಆಚೆ ಈಚೆ ಐವತ್ತು ಮೀಟರಿನಲ್ಲಿ ಇರುವವರೆಗೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಒಂದು ಮನೆಯವರ ಕಿವಿಗೆ ನಮ್ಮ ಧ್ವನಿ ನಿಲುಕುವುದು ಒಟ್ಟು ನೂರು ಮೀಟರು, ಅಂದರೆ ಮೂವತ್ತು ಸೆಕೆಂಡು ಮಾತ್ರ. ಐವತ್ತು ಸೆಕೆಂಡಿನ ಮಾತನ್ನು ಮೂವತ್ತು ಸೆಕೆಂಡಿನ ಕಿವಿ ಪೂರ್ತಿಯಾಗಿ ಹಿಡಿಯುವುದೆಂತು? ನಾವು ಆ ದಿನವಿಡೀ ಊರು ಸುತ್ತಿದ್ದರೂ ಒಂದು ಮನೆಗಾದರೂ ಒಂದೇ ಸುತ್ತಿನಲ್ಲಿ ಪೂರ್ಣವಾಕ್ಯ ತಲುಪುತ್ತಿರಲಿಲ್ಲ.

ಇದಕ್ಕೆ ಕನ್ನಡದ ಸ್ವಭಾವವೂ ಸೇರಿಕೊಂಡಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಕುಳಿತಿರುತ್ತದೆ. ಏನು ಮಾಡಬೇಕೆಂಬುದು ಗೊತ್ತಾಗುವುದು ಕಟ್ಟಕಡೆಗೆ. ಓದುವವನು ಕಾಯಬಲ್ಲ, ಬಾಗಿಲಿಗೆ ಓಡಿಬಂದವನು ಕಾಯಲಾರ. ಆದಕಾರಣ ಸಾರುವ ಮಾತಿನಲ್ಲಿ ವಾಕ್ಯಗಳು ಗಿಡ್ಡವಾಗಿರಬೇಕು. ಪ್ರತಿಯೊಂದಕ್ಕೂ ತನ್ನದೇ ಕ್ರಿಯಾಪದವಿರಬೇಕು. ಯಾವ ತುಣುಕು ಕಿವಿಗೆ ಬಿದ್ದರೂ ಅದು ಅರ್ಥಕೊಡಬೇಕು.

ಬೇಲಿಯ ಬಳಿಯೇ ಕುಳಿತು ಹೊಸದಾಗಿ ಬರೆದೆವು: "ನದಿ ಏರುತ್ತಿದೆ. ಸಂಜೆ ಆರರೊಳಗೆ ಮನೆ ಬಿಡಿರಿ. ದಿಬ್ಬದ ಶಾಲೆಗೆ ಬನ್ನಿರಿ. ದನಕರು ಬಿಚ್ಚಿ ತನ್ನಿರಿ. ಸಂಜೆ ಆರರೊಳಗೆ." ನಿಧಾನವಾಗಿ ಹೇಳಿದರೂ ಹನ್ನೆರಡು ಸೆಕೆಂಡು. ಈ ದಂಡೆಯಲ್ಲಿ ಅರ್ಧ ಮನೆಗಳ ಮಾತು ಕೊಂಕಣಿಯಾದುದರಿಂದ ರಿಕ್ಷಾದ ಹುಡುಗನು ಅದನ್ನೇ ಕೊಂಕಣಿಯಲ್ಲಿ ಹೇಳಿದನು. ಅದಕ್ಕೂ ಹನ್ನೆರಡು ಸೆಕೆಂಡು. ಎರಡೂ ಸೇರಿ ಇಪ್ಪತ್ತನಾಲ್ಕಾಯಿತು. ಇನ್ನು ಗಾಡಿಯ ವೇಗವನ್ನು ನಡಿಗೆಯ ಮಟ್ಟಕ್ಕೆ, ಅಂದರೆ ಗಂಟೆಗೆ ೬ ಕಿಲೋಮೀಟರಿಗೆ ಇಳಿಸಿದೆವು. ಈಗ ಪ್ರತಿ ಮನೆಯ ಪಾಲಿಗೆ ಒಂದು ನಿಮಿಷ ಬಂತು. ಒಬ್ಬನು ಕನ್ನಡದ ಮಾತು ಆಗಷ್ಟೇ ಪ್ರಾರಂಭವಾದ ಮೇಲೆ ಕಿವಿಗೊಟ್ಟನೆನ್ನಿ. ಮುಂದಿನ ಕನ್ನಡದ ಸರದಿಗೆ ಹೆಚ್ಚೆಂದರೆ ಇಪ್ಪತ್ತನಾಲ್ಕು ಸೆಕೆಂಡು ಕಾಯಬೇಕು. ಉಳಿದ ಮೂವತ್ತಾರು ಸೆಕೆಂಡಿನಲ್ಲಿ ಕನ್ನಡ, ಕೊಂಕಣಿ, ಮತ್ತೆ ಕನ್ನಡ, ಹೀಗೆ ಮೂರು ಸರದಿಗಳು ಸರಿಯಾಗಿ ಹಿಡಿಯುತ್ತವೆ. ಎಂತಹ ದುರದೃಷ್ಟಶಾಲಿಗೂ ತನ್ನ ಮಾತಿನಲ್ಲಿ ಎರಡು ಸಲ ಪೂರ್ತಿ ಸಂದೇಶ ಸಿಕ್ಕಿತೆಂದಾಯಿತು. ಮೊದಲ ಸಲ ಕಿವಿ ಎಚ್ಚರಾಗುವುದಕ್ಕೆ, ಎರಡನೆಯ ಸಲ ತಿಳಿಯುವುದಕ್ಕೆ. ಎರಡು ಭಾಷೆಯಿಂದ ಇನ್ನೊಂದು ಲಾಭವೂ ಉಂಟು. ಎರಡನ್ನೂ ಬಲ್ಲವನಿಗೆ ಅದು ನಾಲ್ಕು ಸಲ ಕೇಳಿದಂತಾದರೂ, ಕಿವಿಗೆ ರಾಗ ಬದಲಾದುದರಿಂದ ಹೇಳಿದ್ದನ್ನೇ ಹೇಳುತ್ತಾರೆಂಬ ಜಿಗುಪ್ಸೆ ಬರುವುದಿಲ್ಲ.

ಈ ಸುತ್ತು ಮುಗಿಯುವಷ್ಟರಲ್ಲಿ ದಿಬ್ಬದ ದಾರಿಯಲ್ಲಿ ಜನ ಕಾಣಿಸಿತು.

ಆದರೂ ಒಂದು ತಪ್ಪು ನಡೆಯಿತು. ನಮ್ಮ ಗಂಟಲು ಕಟ್ಟಿದಾಗ ಊರಿನ ಒಬ್ಬ ತರುಣನು ಮೈಕು ಹಿಡಿದನು. ಉತ್ಸಾಹಿ, ಒಂದೇ ಮಾತನ್ನು ಹೇಳುವುದು ಅವನಿಗೆ ಸಪ್ಪೆಯೆನಿಸಿತು. "ಸಂಜೆ ಆರರೊಳಗೆ" ಎಂಬುದನ್ನು ಒಮ್ಮೆ "ಆರು ಗಂಟೆಗೆ" ಎಂದನು, ಒಮ್ಮೆ "ಆರರ ಸುಮಾರಿಗೆ" ಎಂದನು. ಮೂರು ಮನೆಗಳವರು ಆರು ಹೊಡೆಯುವವರೆಗೆ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತೇ ಇದ್ದರು. "ಆರಕ್ಕೆ ಹೊರಡಿ ಅಂದ್ರಲ್ಲ" ಎಂದು ಅವರ ವಾದ. ಒಂದು ವಿಭಕ್ತಿಪ್ರತ್ಯಯದ ವ್ಯತ್ಯಾಸದಿಂದ ಅವರ ಅಂಗಳಕ್ಕೆ ನೀರು ಬಂದಿತ್ತು. ಕೊನೆಗೆ ಪಾತಿದೋಣಿಯಲ್ಲಿ ಅವರನ್ನು ಕರೆತರಬೇಕಾಯಿತು. ಬೀದಿಯಲ್ಲಿ ಸಾರುವಾಗ ಹೇಳುವವನಿಗೆ ಮಾತ್ರ ಅದು ನೂರನೆಯ ಸಲ. ಕೇಳುವವನಿಗೆ ಮೊದಲನೆಯದೋ ಎರಡನೆಯದೋ. ಹೇಳುವವನು ತನ್ನ ಬೇಸರ ಕಳೆಯಲೆಂದು ಶಬ್ದ ಬದಲಿಸಿದರೆ, ಕೇಳುವವನು ಹೊಸ ಆಜ್ಞೆ ಬಂತೆಂದು ತಿಳಿಯುತ್ತಾನೆ. ಹೊತ್ತೇ ನಿಜವಾಗಿ ಬದಲಾದರೆ, "ಆರು ಎಂದು ಹೇಳಿದ್ದನ್ನು ಬಿಡಿರಿ, ಈಗ ಐದರೊಳಗೆ" ಎಂದು ಹಳೆಯದನ್ನು ಹೆಸರಿಸಿ ಕಿತ್ತುಹಾಕಬೇಕು. ಇಲ್ಲವಾದರೆ ಊರಿನಲ್ಲಿ ಎರಡು ಹೊತ್ತುಗಳು ಒಟ್ಟಿಗೆ ಓಡಾಡುತ್ತವೆ.

ರಾತ್ರಿ ಶಾಲೆಯಲ್ಲಿ ಬೇರೊಂದು ಪರೀಕ್ಷೆ ಎದುರಾಯಿತು. ಅಲ್ಲಿ ಕೇಳುವವರು ದಾರಿಯ ಪಕ್ಕದ ಮನೆಗಳವರಂತಲ್ಲ. ಒಂದೇ ಕೋಣೆಯಲ್ಲಿ ಕುಳಿತವರು. ಅವರಿಗೆ ತಿಳಿಸಬೇಕಾದ ಮಾತು ಒಂದೇ: "ನಾವು ಹೇಳುವ ತನಕ ಯಾರೂ ಕೆಳಗೆ ಇಳಿಯಬಾರದು." ಮಳೆ ಸ್ವಲ್ಪ ಬಿಟ್ಟಿತೆಂದು ಮನೆ ನೋಡಿಬರಲು ಇಳಿದವನೇ ಇಂಥ ಹೊತ್ತಿನಲ್ಲಿ ಅಪಾಯಕ್ಕೆ ಸಿಕ್ಕುವವನು; ಅವನು ಇಳಿದ ಮೇಲೆ ಮೇಲಿನಿಂದ ನೀರು ಮತ್ತೆ ಬರಬಹುದಲ್ಲ! ಜನ ಹತ್ತರ ತನಕವೂ ತಂಡ ತಂಡವಾಗಿ ಬರುತ್ತಲೇ ಇದ್ದರು. ಹಗಲು ಫಲಿಸಿದ ಉಪಾಯವನ್ನೇ ನಂಬಿ ನಾವು ಕಾಲುಗಂಟೆಗೊಮ್ಮೆ ಎದ್ದು ನಿಂತು, "ಮತ್ತೊಮ್ಮೆ ತಿಳಿಸುತ್ತೇವೆ" ಎಂದು ಅದೇ ಮಾತನ್ನು ಹೇಳತೊಡಗಿದೆವು. ನಾಲ್ಕನೆಯ ಸಲಕ್ಕೆ ಒಬ್ಬ ಹಿರಿಯನು, "ಮಾಸ್ತರೇ, ನಾವೇನು ಒಂದನೇ ಇಯತ್ತೆಯವರೇ?" ಎಂದನು. ಎಲ್ಲರೂ ನಕ್ಕರು. ಐದನೆಯ ಸಲ ಯಾರೂ ತಲೆಯನ್ನೇ ಎತ್ತಲಿಲ್ಲ. ಆಗ ಬಾಗಿಲಲ್ಲಿ ಬಂದು ನಿಂತಿದ್ದ ಹೊಸ ತಂಡದವರೂ, ಒಳಗಿನವರು ಕೇಳದ ಮಾತನ್ನು ತಾವೇಕೆ ಕೇಳಬೇಕೆಂದು ಚಾಪೆ ಹುಡುಕುತ್ತ ಹೋದರು. ಮಾತು ಸವೆದುಹೋಯಿತೆಂಬುದಕ್ಕೆ ಇದೇ ಗುರುತು. ನಗೆ ಬಂದಾಗ ಇನ್ನೂ ಪ್ರಾಣವಿದೆ. ತಲೆ ಎತ್ತದಿದ್ದಾಗ ಇಲ್ಲ.

ಆಗ ನಮಗೆ ಬಾಲ್ಯದಲ್ಲಿ ಅಂಕೋಲೆಯ ದೇವಸ್ಥಾನದಲ್ಲಿ ಕೇಳಿದ ಹರಿಕೀರ್ತನೆಗಳು ನೆನಪಾದುವು. ಈ ಜಿಲ್ಲೆ ಬಹುಕಾಲ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಯ ಕೀರ್ತನೆಯಲ್ಲಿ ಮಹಾರಾಷ್ಟ್ರದ ಪದ್ಧತಿ ಬೆರೆತಿದೆ. ಆ ಪದ್ಧತಿಯ ಕೀರ್ತನಕಾರನು ಮೊದಲು ಒಂದು ಮೂಲಪದವನ್ನು ಹಾಡಿ, ಅದರ ತತ್ತ್ವವನ್ನು ನಿರೂಪಿಸುತ್ತಾನೆ, ಇದು ಪೂರ್ವರಂಗ. ಆಮೇಲೆ ನಾಮಸ್ಮರಣೆ, ಕೀರ್ತನಕಾರನಿಗೆ ಹಾರ ಬುಕ್ಕಿಟ್ಟುಗಳ ಉಪಚಾರ. ತಡವಾಗಿ ಬಂದವರು ಗದ್ದಲವಿಲ್ಲದೆ ಕುಳಿತುಕೊಳ್ಳುವುದು ಈ ಬಿಡುವಿನಲ್ಲಿಯೇ. ಬಳಿಕ ಉತ್ತರರಂಗದಲ್ಲಿ ಅದೇ ತತ್ತ್ವಕ್ಕೆ ದೃಷ್ಟಾಂತವಾಗುವ ಆಖ್ಯಾನ. ಕಡೆಗೆ ಮತ್ತೆ ಮೂಲಪದಕ್ಕೆ ಬಂದು ಮಂಗಳ. ಪೂರ್ವರಂಗ ತಪ್ಪಿದವನಿಗೂ ಕಥೆಯ ತಿರುವಿನಲ್ಲಿ ಆ ಪದ ಸಿಕ್ಕುತ್ತದೆ. ಮೊದಲಿನಿಂದ ಕುಳಿತವನಿಗೆ ಅದು ಬೇಸರವಾಗುವುದಿಲ್ಲ, ಏಕೆಂದರೆ ಮೊದಲು ಉಪದೇಶವಾಗಿ ಕೇಳಿದುದನ್ನು ಈಗ ಧ್ರುವನ ಕಣ್ಣೀರಿನಲ್ಲಿಯೋ ಸುದಾಮನ ಅವಲಕ್ಕಿಯಲ್ಲಿಯೋ ಕಾಣುತ್ತಾನೆ. ಪದ ಅದೇ, ಅದರ ಹಿಂದೆ ಬಂದ ಸಂಗತಿ ಬೇರೆ.

ಶಾಸ್ತ್ರಜ್ಞರು ಇದನ್ನು ಎಂದೋ ವಿಂಗಡಿಸಿದ್ದರು. ಓದಿಯೂ ನಾವು ಮರೆತಿದ್ದೆವು. ಗೌತಮನ ನ್ಯಾಯಸೂತ್ರದಲ್ಲಿ ಪುನರುಕ್ತವು ವಾದಿಯನ್ನು ಸೋಲಿಸುವ ನಿಗ್ರಹಸ್ಥಾನಗಳಲ್ಲಿ ಒಂದು. ಆದರೆ ಅಲ್ಲಿಯೇ ಅನುವಾದಕ್ಕೆ ವಿನಾಯಿತಿಯುಂಟು. ಈಗಿನ ಕಾಲದಲ್ಲಿ ಅನುವಾದವೆಂದರೆ ಭಾಷಾಂತರ. ಶಾಸ್ತ್ರದಲ್ಲಿ ಅದಕ್ಕೆ ಪ್ರಯೋಜನಕ್ಕಾಗಿ ಮರಳಿ ಹೇಳುವುದೆಂದು ಅರ್ಥ. "ಬೇಗ ಹೋಗು, ಬೇಗ ಹೋಗು" ಎಂಬಲ್ಲಿ ಎರಡನೆಯದು ವ್ಯರ್ಥವಲ್ಲ. ಅದು ವೇಗವನ್ನು ಹೆಚ್ಚಿಸುತ್ತದೆ. ಮೀಮಾಂಸಕರೂ ವೇದಾಂತಿಗಳೂ ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸುವ ಆರು ಲಿಂಗಗಳಲ್ಲಿ ಅಭ್ಯಾಸವನ್ನು, ಎಂದರೆ ಮರುಕಳಿಕೆಯನ್ನು ಎಣಿಸಿದ್ದಾರೆ. ಉದಾಹರಣೆಗೆ ಅವರು ಕೊಡುವುದು ಛಾಂದೋಗ್ಯದ ಆರನೆಯ ಅಧ್ಯಾಯ. ಅಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಒಂದೇ ಮಹಾವಾಕ್ಯವನ್ನು ಒಂಬತ್ತು ಸಲ ಹೇಳುತ್ತಾನೆ. ವಾಕ್ಯದ ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ಅದರ ಮುಂಚೆ ಬರುವ ದೃಷ್ಟಾಂತ: ಒಮ್ಮೆ ನಾನಾ ಹೂಗಳ ರಸ ಬೆರೆತ ಜೇನು, ಒಮ್ಮೆ ಸಮುದ್ರ ಸೇರಿದ ನದಿಗಳು, ಒಮ್ಮೆ ಆಲದ ಬೀಜ, ಒಮ್ಮೆ ನೀರಿನಲ್ಲಿ ಕರಗಿದ ಉಪ್ಪು, ಒಮ್ಮೆ ಕಣ್ಣುಕಟ್ಟಿ ಕಾಡಿನಲ್ಲಿ ಬಿಟ್ಟ ಗಾಂಧಾರದ ಮನುಷ್ಯ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಪ್ರತಿಸಲವೂ ಮಗನೇ ಇನ್ನಷ್ಟು ತಿಳಿಸೆಂದು ಬೇಡುತ್ತಾನೆ; ಆಗ ತಂದೆ ಹೇಳುತ್ತಾನೆ. ಕೇಳುವವನ ಪ್ರಶ್ನೆಗೆ ಉತ್ತರವಾಗಿ ಬಂದ ಮಾತು ಎಷ್ಟನೆಯದಾದರೂ ಹಳೆಯದೆನಿಸುವುದಿಲ್ಲ.

ಅಂದು ರಾತ್ರಿ ನಾವು "ಮತ್ತೊಮ್ಮೆ ತಿಳಿಸುತ್ತೇವೆ" ಎಂಬ ಪೀಠಿಕೆಯನ್ನು ಬಿಟ್ಟೆವು. ಇದು ಹಳೆಯ ಮಾತು, ಕಿವಿ ಮುಚ್ಚಿಕೊಳ್ಳಿರಿ ಎಂದು ನಾವೇ ಹೇಳಿಕೊಟ್ಟಂತಾಗಿತ್ತು. "ತಡವಾಗಿ ಬಂದವರಿಗಾಗಿ" ಎಂಬ ಮಾತನ್ನೂ ಬಿಟ್ಟೆವು; ಅದರಿಂದ ಬಂದವರಿಗೆ ನಾಚಿಕೆ, ಕುಳಿತವರಿಗೆ ತಮಗೆ ಸಂಬಂಧಿಸಿದುದಲ್ಲವೆಂಬ ಅಲಕ್ಷ್ಯ. ಗಡಿಯಾರ ನೋಡಿ ಹೇಳುವುದನ್ನೂ ಬಿಟ್ಟು, ಏನಾದರೂ ಹೊಸ ಸಂಗತಿ ನಡೆದಾಗ ಅದರ ಬಾಲಕ್ಕೆ ನಮ್ಮ ಮಾತನ್ನು ಕಟ್ಟತೊಡಗಿದೆವು. ಒಬ್ಬಾಕೆ ಕೊಟ್ಟಿಗೆಯ ಎಮ್ಮೆಯ ಚಿಂತೆ ಮಾಡಿದಳು: "ಎಮ್ಮೆಗಳೆಲ್ಲ ಶಾಲೆಯ ಹಿಂದೆ ಕಟ್ಟಿವೆ, ಎಣಿಸಿ ಬಂದೆವು, ನಾವು ಹೇಳುವ ತನಕ ಯಾರೂ ಕೆಳಗೆ ಇಳಿಯಬಾರದು." ಗಂಜಿ ಬಡಿಸುವಾಗ: "ಬೆಳಗಿನ ಗಂಜಿಗೂ ಅಕ್ಕಿ ಇದೆ, ನಾವು ಹೇಳುವ ತನಕ ಯಾರೂ ಕೆಳಗೆ ಇಳಿಯಬಾರದು." ಹತ್ತೂವರೆಗೆ ಮೆಟ್ಟಿಲ ಬಳಿ ನೀರು ಒಂದಡಿ ತಗ್ಗಿದ ಸುದ್ದಿ ಬಂತು. ನಾಲ್ಕೈದು ಗಂಡಸರು ಎದ್ದೇ ನಿಂತರು. ಇದೇ ಎಲ್ಲಕ್ಕಿಂತ ಗಂಡಾಂತರದ ಗಳಿಗೆ. "ಒಂದಡಿ ತಗ್ಗಿದೆ, ನಿಜ, ಮೇಲಿನ ಘಟ್ಟದಲ್ಲಿ ಮಳೆ ನಿಂತಿಲ್ಲ, ನಾವು ಹೇಳುವ ತನಕ ಯಾರೂ ಕೆಳಗೆ ಇಳಿಯಬಾರದು" ಎಂದೆವು. ಕುಳಿತರು. ಅದು ಆ ರಾತ್ರಿಯ ಎಂಟನೆಯದೋ ಒಂಬತ್ತನೆಯದೋ ಸಲ, ಯಾರೂ ನಗಲಿಲ್ಲ.

ಎಷ್ಟು ಹೊತ್ತಿಗೊಮ್ಮೆ ಹೇಳಬೇಕೆಂಬ ಪ್ರಶ್ನೆಗೆ ಅಮೇರಿಕೆಯ ರೇಡಿಯೋ ವರ್ಣನೆಗಾರ ರೆಡ್ ಬಾರ್ಬರನ (೧೯೦೮–೧೯೯೨) ಉಪಾಯವೊಂದುಂಟು. ಅವನು ಬೇಸ್‌ಬಾಲ್ ಆಟವನ್ನು ಬಣ್ಣಿಸುವಾಗ, ಮೊಟ್ಟೆ ಬೇಯಿಸುವವರು ಇಟ್ಟುಕೊಳ್ಳುವ ಮೂರು ನಿಮಿಷದ ಮರಳುಗಡಿಯಾರವನ್ನು ಮುಂದಿಟ್ಟುಕೊಳ್ಳುತ್ತಿದ್ದನು. ಮರಳು ಸುರಿದು ಮುಗಿದೊಡನೆ ಅಂಕ ಹೇಳಿ, ಗಡಿಯಾರವನ್ನು ಬೋರಲು ಹಾಕುವುದು. ನಡುವೆ ರೇಡಿಯೋ ತಿರುಗಿಸಿದವನಿಗೆ ಬೇಕಾದುದು ಆ ಅಂಕವೇ ತಾನೆ? ನಮ್ಮ ಚಹದಂಗಡಿಗಳಲ್ಲಿ ಕ್ರಿಕೆಟ್ ವರ್ಣನೆ ಕೇಳುವವರೂ ಒಳಬಂದೊಡನೆ "ಎಷ್ಟಾಯ್ತು?" ಎಂದೇ ಕೇಳುವುದು. ಹೇಳುವವನಿಗೆ ಈಗತಾನೆ ಹೇಳಿದೆನೆಂಬ ಭ್ರಮೆ ಸದಾ ಇರುತ್ತದೆ. ಮರಳಿಗೆ ಆ ಭ್ರಮೆಯಿಲ್ಲ. ಆದರೆ ಮೂರು ನಿಮಿಷವೆಂಬ ಲೆಕ್ಕವನ್ನು ಎಲ್ಲೆಡೆಗೂ ಹಚ್ಚಬಾರದು. ಆಟದ ಅಂಕ ಬದಲಾಗುತ್ತಿರುತ್ತದೆ, ಅದರಿಂದ ತಾನಾಗಿ ಹೊಸದು. ಬದಲಾಗದ ಮಾತಿಗೆ, ಕುಳಿತ ಸಭೆಯಲ್ಲಿ, ಮೂರು ನಿಮಿಷ ಹಿಂಸೆಯೇ ಸರಿ. ಅರ್ಧ ಗಂಟೆಯ ಭಾಷಣಕ್ಕೆ ನಾವು ನಾಲ್ಕು ಸಲ ಸಾಕೆನ್ನುತ್ತೇವೆ: ಮೊದಲ ವಾಕ್ಯದಲ್ಲಿ, ಎರಡು ಉದಾಹರಣೆಗಳ ಬೆನ್ನಿಗೆ ಒಂದೊಂದು, ಕಡೆಗೊಂದು. ಅದಲ್ಲದೆ, ಹೊರಗೆ ಬಸ್ಸು ಕೂಗಿಯೋ ಮಗು ಅತ್ತೋ ಎಲ್ಲರ ತಲೆ ತಿರುಗಿದಾಗ, ಗದ್ದಲ ಅಡಗಿದ ಮೇಲೆ ಬಾಯಿಗೆ ಬರುವ ಮೊದಲ ವಾಕ್ಯ ಅದೇ ಆಗಿರಲಿ. ಚದರಿದ ಚಿತ್ತ ಮರಳಿ ಬರುವ ಗಳಿಗೆಯನ್ನು ಬೇರೆ ಅಲಂಕಾರಕ್ಕೆ ವ್ಯಯಮಾಡಬಾರದು.

ತಲುಪಿತೋ ಇಲ್ಲವೋ ಎಂದು ನೋಡಲು "ತಿಳಿಯಿತೆ?" ಎಂದು ಸಭೆಯನ್ನು ಕೇಳುವುದು ವ್ಯರ್ಥ, ನಮ್ಮ ಜನ ಮರ್ಯಾದೆಗೆ ಹೂಂ ಎನ್ನುತ್ತಾರೆ. ಎಲ್ಲರಿಗಿಂತ ಕೊನೆಯಲ್ಲಿ ಬಂದವನನ್ನು, ಇನ್ನೊಬ್ಬರ ಬಾಯಿಂದ, "ಮಾಸ್ತರರು ಏನಂದರು?" ಎಂದು ಕೇಳಿಸಬೇಕು. ಅವನು ಹೇಳಿದುದರಲ್ಲಿ ಶಬ್ದ ತಪ್ಪಿದ್ದರೆ ನಮ್ಮ ವಾಕ್ಯ ಉದ್ದವಾಯಿತೆಂದು ತಿಳಿಯಬೇಕು. ಅಂದು ರಾತ್ರಿ ನಾವು ಕಳುಹಿಸಿದ ಹುಡುಗ ತಂದ ಉತ್ತರ, "ಎಮ್ಮೆ ಎಣಿಸಿದಾರಂತೆ, ಹೇಳೋ ತನಕ ಇಳೀಬಾರದಂತೆ" ಎಂದು. ಇಷ್ಟಾದರೆ ಸಾಕು.

ಒಬ್ಬನು ಮಾತ್ರ ಇಳಿದನು. ಹನ್ನೊಂದರ ಮೇಲೆ ಹಿಂಬಾಗಿಲಿನಿಂದ ಬಂದವನು. ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಆಮೇಲೆ ಯಾವ ಹೊಸ ಸಂಗತಿಯೂ ನಡೆಯದ್ದರಿಂದ ನಾವೂ ಬಾಯಿ ತೆರೆದಿರಲಿಲ್ಲ. ಪೆಟ್ಟಿಗೆಯಲ್ಲಿ ಉಳಿದ ಜಮೀನಿನ ಕಾಗದಕ್ಕಾಗಿ ಹೊರಟಿದ್ದನು. ಕಂಪೌಂಡಿನ ಬಳಿ ಮಲಗಿದ್ದ ದೋಣಿಯವನು ಕಂಡು ಹಿಡಿದು ತಂದನು. "ನಂಗೆ ಯಾರೂ ಹೇಳ್ಲಿಲ್ಲ" ಎಂದನು. ಅವನ ಮಾತು ಸತ್ಯವಾಗಿತ್ತು. ಆಮೇಲೆ ಎರಡೂ ಬಾಗಿಲಿಗೆ ಒಬ್ಬೊಬ್ಬರನ್ನು ಕೂರಿಸಿ, ಒಳಬಂದವರಿಗೆ ಚಾಪೆ ಕೊಡುವಾಗಲೇ ಆ ವಾಕ್ಯವನ್ನೂ ಕೊಡುವಂತೆ ಏರ್ಪಡಿಸಿದೆವು.

ಮರುದಿನ ಮಧ್ಯಾಹ್ನ, ಇಳಿಯಬಹುದೆಂಬ ಸುದ್ದಿ ಬಂದ ಮೇಲೆ ನಾವು ಎದ್ದು ನಿಂತು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕುಳಿತ ಮಕ್ಕಳು ಒಕ್ಕೊರಲಿನಿಂದ, ಮೊದಲು ಕನ್ನಡದಲ್ಲಿ, ಆಮೇಲೆ ಕೊಂಕಣಿಯಲ್ಲಿ, ಯಾರೂ ಕೆಳಗೆ ಇಳಿಯಬಾರದೆಂದು ಕೂಗಿದರು. ಹಳೆಯ ವಾಕ್ಯವನ್ನು ಹೆಸರಿಸಿ ಬಿಡಿಸುವುದಕ್ಕೆ ನಮಗೆ ಎರಡು ನಿಮಿಷ ಹಿಡಿಯಿತು.